ಗ್ರಾಹಕರ ದೂರಿಗೆ ಕ್ಯಾಪಾ ವರದಿ: ಕಾರಣ, ಕ್ರಮ, ಪರಿಶೀಲನೆ, ಕ್ಲೋಸಿಂಗ್ ಒಂದಕ್ಕೊಂದು ಕೂಡಿಕೊಳ್ಳುವಂತೆ ಬರೆಯುವ ವಿಧಾನ

ದೂರಿಗೆ ಸರಿಪಡಿಸುವ ಕ್ರಮ, ಮುನ್ನೆಚ್ಚರಿಕೆ ಕ್ರಮ ಎರಡನ್ನೂ ಬರೆದು ಗ್ರಾಹಕರಿಗೆ ಕಳಿಸಿದ ಕ್ಯಾಪಾ ವರದಿ ತಿರಸ್ಕಾರವಾಗಿ ವಾಪಸ್ ಬಂತು ಅನ್ನೋಣ. ತೆರೆದು ನೋಡಿದರೆ ಸಾಮಾನ್ಯವಾಗಿ ಹೀಗಿರುತ್ತದೆ. ಕಾರಣದ ಕಾಲಂನಲ್ಲಿ "ಆಪರೇಟರ್ ನಿರ್ಲಕ್ಷ್ಯ". ಕ್ರಮದ ಕಾಲಂನಲ್ಲಿ "ತರಬೇತಿ ಕೊಡಲಾಗಿದೆ". ಪರಿಶೀಲನೆಯಲ್ಲಿ "ಮುಂದಿನ 3 ಲಾಟ್ ಓಕೆ". ಸ್ಥಿತಿ "ಕ್ಲೋಸ್ಡ್". ಒಂದು ಕಾಲಂ ಕೂಡ ಖಾಲಿ ಇಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯೇ ಇಲ್ಲ. ಎರಡು ತಿಂಗಳ ಮೇಲೆ ಅದೇ ದೂರು ಮತ್ತೆ ಬರುತ್ತದೆ, ಅದೇ ವರದಿಯ ದಿನಾಂಕ ಬದಲಾಗಿ ಮತ್ತೆ ಹೋಗುತ್ತದೆ.

ಒಂದೇ ಉದಾಹರಣೆ ಹಿಡಿದು ದೂರು ಬಂದ ಗಂಟೆಯಿಂದ ಫೈಲ್ ಮುಚ್ಚುವವರೆಗಿನ ಹಂತಗಳನ್ನು ನೋಡೋಣ. ನಿಮ್ಮ ಗ್ರಾಹಕರು ಎಂಟು ಹಂತದ 8ಡಿ ಫಾರ್ಮ್ ಕೇಳಿದರೂ, ನಿಮ್ಮದೇ ಕ್ಯಾಪಾ ಫಾರ್ಮ್ ಇದ್ದರೂ ಕೆಲಸದ ಕ್ರಮ ಇದೇ.

## ಉದಾಹರಣೆ

ಅಲ್ಯೂಮಿನಿಯಂ ಹೌಸಿಂಗ್ ಒಂದಿದೆ. ಅದರಲ್ಲಿ ಆರಪಾರ ಇಲ್ಲದ ಒಂದು ಎಂ8 ಥ್ರೆಡ್ ತೂತು, ಪಿಚ್ 1.25 ಮಿ.ಮೀ. ಡ್ರಾಯಿಂಗ್ ಪ್ರಕಾರ ಪೂರ್ಣ ಥ್ರೆಡ್ ಕನಿಷ್ಠ 18 ಮಿ.ಮೀ. ಆಳ ಇರಬೇಕು. ಗ್ರಾಹಕರ ಅಸೆಂಬ್ಲಿ ಲೈನ್‌ನಲ್ಲಿ ಕೆಲವು ಪೀಸ್‌ಗಳಲ್ಲಿ ಬೋಲ್ಟ್ ಪೂರ್ತಿ ಕೂರಲಿಲ್ಲ, ತಲೆ ಸುಮಾರು 2.5 ಮಿ.ಮೀ. ಎತ್ತರದಲ್ಲೇ ನಿಂತಿತು. 300 ಪೀಸ್ ಬಳಸಿದ್ದರಲ್ಲಿ 9 ಹೀಗೆ ಸಿಕ್ಕವು. ಲಾಟ್ ಒಟ್ಟು 1,200 ಪೀಸ್.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

- ಗ್ರಾಹಕರಿಂದ ಬಂದ ಕನಿಷ್ಠ 2–3 ದೋಷದ ಪೀಸ್. ಫೋಟೋ ಸಾಲದು.
- ಆ ಲಾಟ್‌ನ ಪ್ರೊಡಕ್ಷನ್ ಶೀಟ್, ಸೆಟ್ಟಿಂಗ್ ಅಪ್ರೂವಲ್ ಶೀಟ್, ಟೂಲ್ ಬದಲಾವಣೆ ರಿಜಿಸ್ಟರ್, ಫೈನಲ್ ಇನ್‌ಸ್ಪೆಕ್ಷನ್ ವರದಿ.
- ಈಗ ಜಾರಿಯಲ್ಲಿರುವ ಕಂಟ್ರೋಲ್ ಪ್ಲಾನ್, ಅಂದರೆ ಏನನ್ನು ಯಾವಾಗ ಅಳೆಯಬೇಕು, ತಪ್ಪಿದರೆ ಏನು ಮಾಡಬೇಕು ಎಂಬ ಪಟ್ಟಿ. ಜೊತೆಗೆ ಪಿಎಫ್‌ಎಂಇಎ, ಅಂದರೆ ಪ್ರಕ್ರಿಯೆಯಲ್ಲಿ ಏನೇನು ತಪ್ಪಬಹುದು ಎಂದು ಬರೆದು ಅಂಕ ಕೊಟ್ಟ ಪಟ್ಟಿ.
- ಬಳಸಿದ ಗೇಜ್. ಅದರ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಮಾತ್ರ ಅಲ್ಲ, ಗೇಜೇ ಬೇಕು.

ತಂಡದಲ್ಲಿ ಕ್ವಾಲಿಟಿಯವರು ಮಾತ್ರ ಇದ್ದರೆ ವರದಿ ಮೇಜಿನ ಮೇಲೆಯೇ ಹುಟ್ಟಿ ಮೇಜಿನ ಮೇಲೆಯೇ ಮುಗಿಯುತ್ತದೆ. ಆ ಮೆಷಿನ್‌ನ ಸೆಟ್ಟರ್, ಪ್ರೊಡಕ್ಷನ್ ಮೇಲ್ವಿಚಾರಕರು, ಟೂಲ್ ರೂಮಿನ ಒಬ್ಬರು ಇರಲೇಬೇಕು.

## ಹಂತ 1: ದೂರನ್ನು ಅಳೆಯುವಂತೆ ಬರೆಯಿರಿ

"ಬೋಲ್ಟ್ ಫಿಟ್ ಆಗುತ್ತಿಲ್ಲ" ಎನ್ನುವುದು ಗ್ರಾಹಕರ ಮಾತು. ಅದನ್ನು ಹಾಗೇ ಇಡಿ, ಆದರೆ ಕೆಳಗೆ ನಿಮ್ಮ ಅಳತೆ ಬರಲಿ. ದೋಷದ ಪೀಸ್ ತಂದು ಥ್ರೆಡ್ ಆಳ ಅಳೆದಾಗ 14.5 ಮಿ.ಮೀ. ಬಂತು. ಬೇಕಿದ್ದದ್ದು 18. ತೂತಿನ ವ್ಯಾಸ ಸರಿ, ಡ್ರಿಲ್ ಆಳ ಸರಿ, ಥ್ರೆಡ್ ಸೈಜ್ ಸರಿ. ಅಂದರೆ ದೋಷ ಥ್ರೆಡ್ ಆಳಕ್ಕೆ ಮಾತ್ರ ಸೀಮಿತ.

ಈ ಕೊನೆಯ ಸಾಲನ್ನು ಬಿಡಬೇಡಿ. ಯಾವುದು ಕೆಟ್ಟಿದೆ ಎನ್ನುವಷ್ಟೇ ಯಾವುದು ಕೆಟ್ಟಿಲ್ಲ ಎನ್ನುವುದೂ ಕೆಲಸಕ್ಕೆ ಬರುತ್ತದೆ. ಡ್ರಿಲ್ ಆಳ ಸರಿ ಇದೆ ಎಂದು ತಿಳಿದ ಕೂಡಲೇ ಡ್ರಿಲ್, ಪ್ರೋಗ್ರಾಂನ ಶೂನ್ಯ ಬಿಂದು, ಜಾಬ್ ಹಿಡಿಯುವ ಫಿಕ್ಸ್‌ಚರ್ ಮೂರೂ ಅನುಮಾನದ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಫಿಕ್ಸ್‌ಚರ್ ಜರುಗಿದ್ದರೆ ಡ್ರಿಲ್ ಆಳವೂ ಬದಲಾಗಬೇಕಿತ್ತಲ್ವಾ?

ಹಾಗೆಯೇ ಎಲ್ಲಿ, ಯಾವಾಗ ಎಂದು ನೋಡಿ. 9 ಪೀಸ್‌ಗಳ ಮೇಲಿನ ಪಂಚ್ ಗುರುತು ಒಂದೇ ದಿನದ ರಾತ್ರಿ ಶಿಫ್ಟ್‌ನದು. ಅದೇ ಮೆಷಿನ್‌ನ ಹಗಲು ಶಿಫ್ಟ್ ಪೀಸ್‌ಗಳಲ್ಲಿ ದೋಷ ಇಲ್ಲ. ಪಕ್ಕದ ಮೆಷಿನ್‌ನ ಅದೇ ಪಾರ್ಟ್‌ನಲ್ಲೂ ಇಲ್ಲ.

ಎಚ್ಚರಿಕೆಯ ಗುರುತು: ದೂರಿನ ವಿವರಣೆಯಲ್ಲಿ ಆಗಲೇ ಕಾರಣ ಸೇರಿಕೊಂಡಿದ್ದರೆ, ಉದಾಹರಣೆಗೆ "ಆಪರೇಟರ್ ತಪ್ಪಿನಿಂದ ಥ್ರೆಡ್ ಕಡಿಮೆ" ಎಂದಿದ್ದರೆ, ನಿಲ್ಲಿಸಿ. ಇಲ್ಲಿ ಅಳತೆ ಮಾತ್ರ ಇರಬೇಕು.

## ಹಂತ 2: ಹರಡುವುದನ್ನು ತಡೆಯಿರಿ, ಲೆಕ್ಕ ಕೂಡಿಸಿ

ಎಷ್ಟೋ ಗ್ರಾಹಕರು ಈ ಹಂತದ ಉತ್ತರವನ್ನು 24 ಗಂಟೆಯೊಳಗೆ ಕೇಳುತ್ತಾರೆ. ಆ ಹೊತ್ತಿಗೆ ಕಾರಣ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಇನ್ನೊಂದೇ ಒಂದು ಕೆಟ್ಟ ಪೀಸ್ ಕೂಡ ಗ್ರಾಹಕರ ಲೈನ್‌ಗೆ ಹೋಗಬಾರದು, ಅಷ್ಟೇ.

ಪೀಸ್‌ಗಳು ಎಲ್ಲೆಲ್ಲಿ ಇರಬಹುದು ಎಂದು ಹುಡುಕಿ: ಗ್ರಾಹಕರ ಲೈನ್, ಅವರ ಸ್ಟೋರ್, ದಾರಿಯಲ್ಲಿರುವ ಲಾರಿ, ನಿಮ್ಮ ಫಿನಿಶ್ಡ್ ಸ್ಟಾಕ್, ಮೆಷಿನ್ ಪಕ್ಕದ ರ‍್ಯಾಕ್, ಹೊರಗೆ ಕೋಟಿಂಗ್‌ಗೆ ಹೋಗಿದ್ದರೆ ಅಲ್ಲೂ. ಆಮೇಲೆ ಲಾಟ್‌ನ ಲೆಕ್ಕ ಕೂಡಿಸಿ. ನಮ್ಮ ಉದಾಹರಣೆಯಲ್ಲಿ ಗ್ರಾಹಕರಿಗೆ ಹೋದದ್ದು 800 (ಲೈನ್‌ನಲ್ಲಿ 300, ಸ್ಟೋರ್‌ನಲ್ಲಿ 500), ನಮ್ಮ ಸ್ಟೋರ್‌ನಲ್ಲಿ 392, ಇನ್‌ಸ್ಪೆಕ್ಷನ್ ಸ್ಯಾಂಪಲ್ ಟ್ರೇನಲ್ಲಿ 5, ಸ್ಕ್ರ್ಯಾಪ್ 3. ಒಟ್ಟು 1,200. ಲೆಕ್ಕ ಕೂಡದಿದ್ದರೆ ಕೂಡುವವರೆಗೂ ಹುಡುಕಿ. ಕಾಣೆಯಾದ ಪೀಸ್‌ಗಳು ಮುಂದೊಂದು ದಿನ ಗ್ರಾಹಕರ ಲೈನ್‌ನಲ್ಲೇ ಕಾಣಿಸಿಕೊಳ್ಳುತ್ತವೆ.

ಈ ಹಂತದಲ್ಲಿ ಜಾಸ್ತಿ ಜನ ಎಡವುವುದು ವಿಂಗಡಣೆಯ ವಿಧಾನದಲ್ಲಿ. ದೋಷವನ್ನು ಒಮ್ಮೆ ಬಿಟ್ಟುಕೊಟ್ಟ ಗೇಜನ್ನೇ ಹಿಡಿದು 100% ಚೆಕ್ ಮಾಡುತ್ತಾರೆ, ಎಲ್ಲ ಓಕೆ ಎಂದು ವಾಪಸ್ ಕಳಿಸುತ್ತಾರೆ. ಮೊದಲು ಆ ಗೇಜನ್ನು ದೋಷದ ಪೀಸ್‌ಗೆ ಹಾಕಿ ನೋಡಿ. ನಮ್ಮ ಥ್ರೆಡ್ ಗೋ ಗೇಜ್ ದೋಷದ ಪೀಸ್‌ನಲ್ಲೂ ಸಲೀಸಾಗಿ ಹೋಯಿತು. ಯಾಕೆಂದರೆ ಅದು ಹೇಳುವುದು ಥ್ರೆಡ್‌ನ ಸೈಜ್ ಸರಿ ಇದೆ ಎಂದು ಮಾತ್ರ. ಎಷ್ಟು ಆಳಕ್ಕೆ ಹೋಯಿತು ಎಂದು ಯಾರೂ ಎಣಿಸಲಿಲ್ಲ.

ತಾತ್ಕಾಲಿಕವಾಗಿ ಸುತ್ತು ಎಣಿಸುವ ವಿಧಾನ ಮಾಡಿಕೊಂಡೆವು ಅನ್ನೋಣ. ಒಂದು ಸುತ್ತಿಗೆ 1.25 ಮಿ.ಮೀ., ಹಾಗಾಗಿ 18 ಮಿ.ಮೀ. ಆಳಕ್ಕೆ 14.4 ಸುತ್ತು. ದೋಷದ ಪೀಸ್‌ನಲ್ಲಿ ಗೇಜ್ ಹನ್ನೊಂದೂವರೆ ಸುತ್ತಿಗೆ ನಿಂತುಬಿಡುತ್ತದೆ. ಸುಮಾರು ಮೂರು ಸುತ್ತಿನ ವ್ಯತ್ಯಾಸ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಅಂಚಿನಲ್ಲಿರುವ ಪೀಸ್‌ಗೆ ಮಾತ್ರ ಇದು ಸಾಲದು, ಅದನ್ನು ಅಳೆದೇ ನೋಡಬೇಕು. ಹೀಗೆ ವಿಂಗಡಿಸಿದಾಗ ಗ್ರಾಹಕರ ಸ್ಟೋರ್‌ನಲ್ಲಿ 17, ನಮ್ಮ ಸ್ಟೋರ್‌ನಲ್ಲಿ 13 ಕೆಟ್ಟ ಪೀಸ್ ಸಿಕ್ಕವು. ಲೈನ್‌ನ 9 ಸೇರಿಸಿದರೆ 39. ಈ ಸಂಖ್ಯೆ ನೆನಪಿಡಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

ವಿಂಗಡಿಸಿದ ಪೀಸ್‌ಗೆ ಬಣ್ಣದ ಚುಕ್ಕಿಯ ಗುರುತು ಹಾಕಿ, ಆ ಗುರುತು ಏನೆಂದು ಗ್ರಾಹಕರಿಗೆ ಬರೆದು ತಿಳಿಸಿ. ಇದೆಲ್ಲ ತಾತ್ಕಾಲಿಕ ಕ್ರಮ. ಇದನ್ನು ಸರಿಪಡಿಸುವ ಕ್ರಮದ ಕಾಲಂನಲ್ಲಿ ಬರೆದರೆ ವರದಿ ಅಲ್ಲಿಗೇ ಕುಂಟುತ್ತದೆ.

## ಹಂತ 3: ಕಾರಣವನ್ನು ಎರಡು ದಾರಿಯಲ್ಲಿ ಹುಡುಕಿ

ದೋಷ ಹುಟ್ಟಿದ್ದು ಯಾಕೆ? ಹುಟ್ಟಿದ ದೋಷ ನಮ್ಮ ಗೇಟ್ ದಾಟಿದ್ದು ಯಾಕೆ? ಇವೆರಡೂ ಬೇರೆ ಬೇರೆ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ "ಯಾಕೆ" ಸರಪಳಿ ಬರೆಯಿರಿ. ಒಂದರಲ್ಲೇ ಎರಡನ್ನೂ ತುರುಕಿದರೆ ಸರಪಳಿ ನಡುವೆ ಹಾರಿಹೋಗುತ್ತದೆ.

ಹುಟ್ಟಿದ್ದು ಯಾಕೆ:

1. ಥ್ರೆಡ್ ಆಳ 14.5 ಯಾಕೆ ಬಂತು? ಥ್ರೆಡ್ ಕಡಿಯುವ ಟೂಲ್ ಆದ ಟ್ಯಾಪ್ 4 ಮಿ.ಮೀ. ಕಡಿಮೆ ಇಳಿಯಿತು.
2. ಯಾಕೆ ಕಡಿಮೆ ಇಳಿಯಿತು? ಹೋಲ್ಡರ್‌ನಿಂದ ಟ್ಯಾಪ್ 4 ಮಿ.ಮೀ. ಕಡಿಮೆ ಹೊರಗಿತ್ತು, ಆದರೆ ಮೆಷಿನ್‌ನಲ್ಲಿ ದಾಖಲಾಗಿರುವ ಟೂಲ್ ಉದ್ದ, ಅಂದರೆ ಆಫ್‌ಸೆಟ್, ಹಳೆಯದೇ ಇತ್ತು.
3. ಯಾಕೆ ಹಾಗಿತ್ತು? ರಾತ್ರಿ 2 ಗಂಟೆಗೆ ಟ್ಯಾಪ್ ಮುರಿಯಿತು. ಹೊಸ ಟ್ಯಾಪ್ ಹಾಕಿದರು, ಉದ್ದ ಮತ್ತೆ ಅಳೆಯಲಿಲ್ಲ. ರಿಜಿಸ್ಟರ್‌ನಲ್ಲಿ ಬದಲಾವಣೆಯ ನಮೂದು ಇದೆ, ಅಳತೆಯ ಕಾಲಂ ಖಾಲಿ.
4. ಯಾಕೆ ಅಳೆಯಲಿಲ್ಲ? ಕಂಟ್ರೋಲ್ ಪ್ಲಾನ್ ಪ್ರಕಾರ ಸೆಟ್ಟಿಂಗ್ ಅಪ್ರೂವಲ್ ಬೇಕಾದದ್ದು ಶಿಫ್ಟ್ ಶುರುವಿನಲ್ಲಿ ಮತ್ತು ಪಾರ್ಟ್ ಬದಲಾದಾಗ ಮಾತ್ರ. ನಡುವೆ ಟೂಲ್ ಮುರಿದರೆ ಏನು ಮಾಡಬೇಕೆಂದು ಎಲ್ಲೂ ಇಲ್ಲ. ಅಳೆಯದೆ ಓಡಿಸಿದರೂ ಮೆಷಿನ್ ತಡೆಯುವುದಿಲ್ಲ.

ಮೂರನೇ ಉತ್ತರದಲ್ಲಿ ನಿಂತಿದ್ದರೆ ಕಾರಣ "ಆಪರೇಟರ್ ಅಳೆಯಲಿಲ್ಲ" ಎಂದಾಗುತ್ತಿತ್ತು. ಮನುಷ್ಯರ ಹೆಸರು ಬಂದ ಕಡೆ ಇನ್ನೊಂದು "ಯಾಕೆ" ಕೇಳಲೇಬೇಕು. ಆ ಕುರ್ಚಿಯಲ್ಲಿ ಬೇರೆಯವರಿದ್ದರೂ ಇದೇ ಆಗುತ್ತಿತ್ತೇ? ಹೌದು ಎಂದಾದರೆ ಕಾರಣ ಇನ್ನೂ ಕೆಳಗಿದೆ.

ದಾಟಿದ್ದು ಯಾಕೆ:

1. ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಯಾಕೆ ಸಿಗಲಿಲ್ಲ? ಗೋ ಗೇಜ್ ಆಳ ತೋರಿಸುವುದಿಲ್ಲ, ಆಳದ ಗುರುತೂ ಅದರ ಮೇಲೆ ಇಲ್ಲ.
2. ಬೆಳಿಗ್ಗೆ 6ರ ಸೆಟ್ಟಿಂಗ್ ಚೆಕ್‌ನಲ್ಲಿ ಯಾಕೆ ಸಿಗಲಿಲ್ಲ? ಅಲ್ಲಿ ಸಿಕ್ಕಿತ್ತು!

ಈ ಎರಡನೆಯದು ಸಾಮಾನ್ಯವಾಗಿ ವರದಿಯಲ್ಲಿ ಬರುವುದೇ ಇಲ್ಲ. ಸೆಟ್ಟಿಂಗ್ ಶೀಟ್ ತೆಗೆದು ನೋಡಿದಾಗ ಬೆಳಗಿನ ಮೊದಲ ಪೀಸ್‌ನ ಆಳ 14.5 ಎಂದು ಬರೆದು, ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ 18.5 ಎಂದು ಬರೆದಿತ್ತು. ಸೆಟ್ಟರ್ ಆಫ್‌ಸೆಟ್ ಸರಿಮಾಡಿ, ಮುಂದಿನ ಪೀಸ್ ಓಕೆ ಮಾಡಿ, ಕೆಲಸ ಶುರು ಮಾಡಿಸಿದ್ದರು. ಅದಕ್ಕೂ ಮೊದಲು ರಾತ್ರಿ ತಯಾರಾದ ಪೀಸ್‌ಗಳು ಆಗಲೇ ವಾಷಿಂಗ್‌ಗೆ ಹೋಗಿ ಬೇರೆ ಪೀಸ್‌ಗಳ ಜೊತೆ ಬೆರೆತಿದ್ದವು. ಅಳತೆ ತಪ್ಪಿದರೆ ಹಿಂದೆ ಹೋಗಿ ನೋಡಬೇಕು ಎಂಬ ನಿಯಮ ಕಂಟ್ರೋಲ್ ಪ್ಲಾನ್‌ನ ರಿಯಾಕ್ಷನ್ ಪ್ಲಾನ್ ಕಾಲಂನಲ್ಲಿ ಇರಲಿಲ್ಲ. ಅಲ್ಲಿದ್ದದ್ದು "ಸೆಟ್ಟಿಂಗ್ ಸರಿಪಡಿಸಿ" ಎಂಬ ಎರಡೇ ಪದ. ಸೆಟ್ಟರ್ ಅದನ್ನೇ ಮಾಡಿದ್ದರು.

### ಕಾರಣ ನಿಜವೇ ಎಂದು ಪರೀಕ್ಷಿಸಿ

ಬರೆದ ಕಾರಣಕ್ಕೆ ಎರಡು ಪರೀಕ್ಷೆ ಮಾಡಿ.

ಮೊದಲನೆಯದು, ದೋಷವನ್ನು ಬೇಕೆಂದೇ ಹುಟ್ಟಿಸಿ, ಮತ್ತೆ ಇಲ್ಲವಾಗಿಸಿ. ಸ್ಕ್ರ್ಯಾಪ್ ಪೀಸ್ ತೆಗೆದುಕೊಂಡು ಟ್ಯಾಪನ್ನು 4 ಮಿ.ಮೀ. ಒಳಗೆ ಹಿಡಿಸಿ, ಹಳೆ ಆಫ್‌ಸೆಟ್‌ನಲ್ಲಿ ಮೂರು ಪೀಸ್ ಓಡಿಸಿ. ಆಳ 14.5 ಬರಬೇಕು. ಉದ್ದ ಅಳೆದು ಆಫ್‌ಸೆಟ್ ಸರಿಮಾಡಿ ಮತ್ತೆ ಮೂರು ಓಡಿಸಿ. 18.5 ಬರಬೇಕು. ಪರೀಕ್ಷೆಯ ಪೀಸ್‌ಗಳಿಗೆ ಕೆಂಪು ಬಣ್ಣ ಬಳಿದು ಎಣಿಸಿ ಇಡಿ. ಇವು ಉತ್ಪಾದನೆಯ ಜೊತೆ ಬೆರೆತರೆ ಇನ್ನೊಂದು ದೂರು ಖಂಡಿತ.

ಎರಡನೆಯದು ಲೆಕ್ಕ. ನಿಮ್ಮ ಕಾರಣ ನಿಜವಾದರೆ ಎಷ್ಟು ಪೀಸ್ ಕೆಟ್ಟಿರಬೇಕು? ಸೈಕಲ್ ಟೈಮ್ 6 ನಿಮಿಷ, ಗಂಟೆಗೆ 10 ಪೀಸ್. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ 4 ಗಂಟೆ. ಅಂದರೆ ಸುಮಾರು 40. ಸಿಕ್ಕಿದ್ದು 39. ಹತ್ತಿರ ಇದೆ, ಆದರೆ ಒಂದು ಎಲ್ಲಿ? ಹುಡುಕಿದಾಗ ಅದು ಇನ್‌ಸ್ಪೆಕ್ಷನ್ ಸ್ಯಾಂಪಲ್ ಟ್ರೇನ ಐದು ಪೀಸ್‌ಗಳಲ್ಲೇ ಇತ್ತು, ಹಸಿರು ಓಕೆ ಟ್ಯಾಗ್ ಕಟ್ಟಿಕೊಂಡು. ಹುಟ್ಟಿದ ಕಾರಣವನ್ನೂ ದಾಟಿದ ಕಾರಣವನ್ನೂ ಆ ಒಂದು ಪೀಸ್ ತೋರಿಸಿಕೊಟ್ಟಿತು.

ಲೆಕ್ಕ 40 ಎಂದಿದ್ದು 120 ಸಿಕ್ಕಿದ್ದರೆ? ಆಗ ಟ್ಯಾಪ್ ಇನ್ನೂ ಎರಡು ಸಲ ಬದಲಾಗಿದೆ, ಅಥವಾ ಬೇರೊಂದು ಕಾರಣವೂ ಇದೆ. ಅಂಥ ಹೊತ್ತಲ್ಲಿ ಮುಂದಿನ ಹಂತಕ್ಕೆ ಹೋಗಬೇಡಿ.

ಎಚ್ಚರಿಕೆಯ ಗುರುತು: ಕಾರಣದಲ್ಲಿ "ಗಮನ ಇರಲಿಲ್ಲ", "ಅರಿವಿನ ಕೊರತೆ", "ಸರಿಯಾಗಿ ಪಾಲಿಸಿಲ್ಲ" ಎಂಬ ಮಾತು, ಮೀನಿನ ಮುಳ್ಳಿನ ಚಿತ್ರದಲ್ಲಿ ಇಪ್ಪತ್ತು ಕಾರಣ ಬರೆದು ಒಂದಕ್ಕೂ ಅಳತೆ ಇಲ್ಲದಿರುವುದು, ಯಾಕೆ ಹಗಲು ಶಿಫ್ಟ್‌ನಲ್ಲಿ ದೋಷ ಬರಲಿಲ್ಲ ಎಂಬುದಕ್ಕೆ ಕಾರಣ ಉತ್ತರಿಸದಿರುವುದು.

## ಹಂತ 4: ಪ್ರತಿ ಕಾರಣಕ್ಕೂ ಅದರದೇ ಕ್ರಮ

ಈಗ ನಮ್ಮ ಬಳಿ ಮೂರು ಕಾರಣ ಇವೆ. ಅವಕ್ಕೆ ಸಂಖ್ಯೆ ಕೊಡಿ: ಕಾ1, ಕಾ2, ಕಾ3. ಕ್ರಮಕ್ಕೂ ಅದೇ ಸಂಖ್ಯೆ. ಸುಮ್ನೆ ಹೀಗೆ ಸಂಖ್ಯೆ ಹಾಕಿದರೇ ವರದಿಯ ಅರ್ಧ ತೊಂದರೆ ಹೊರಗೆ ಬರುತ್ತದೆ: ಕ್ರಮ ಇಲ್ಲದ ಕಾರಣ ಕಾಣಿಸುತ್ತದೆ, ಕಾರಣ ಇಲ್ಲದ ಕ್ರಮವೂ ಕಾಣಿಸುತ್ತದೆ.

ಕಾ1: ಟ್ಯಾಪ್ ಬದಲಾದ ಮೇಲೆ ಉದ್ದ ಅಳೆಯದೆಯೂ ಮೆಷಿನ್ ಓಡುತ್ತದೆ. ಇಲ್ಲಿ ಹಲವು ಆಯ್ಕೆ ಇವೆ. ಬೋರ್ಡ್ ಬರೆದು ನೇತುಹಾಕಬಹುದು, ಅದು ಎಲ್ಲಕ್ಕಿಂತ ದುರ್ಬಲ. ಬದಲಾವಣೆಯಾದಾಗ ಸೆಟ್ಟಿಂಗ್ ಅಪ್ರೂವಲ್ ಕಡ್ಡಾಯ ಮಾಡಬಹುದು, ಸ್ವಲ್ಪ ವಾಸಿ. ಆದರೆ ರಾತ್ರಿ 2 ಗಂಟೆಗೆ ಅದು ಮತ್ತೆ ಒಬ್ಬರ ನೆನಪಿನ ಮೇಲೆಯೇ ನಿಲ್ಲುತ್ತದೆ. ಟೂಲ್ ಬದಲಾಯಿಸಿದೆ ಎಂದು ಆಪರೇಟರ್ ಒತ್ತಿದಾಗ ಅಳೆಯುವಂತೆ ಪ್ರೋಗ್ರಾಂ ಮಾಡಬಹುದು, ಆದರೆ ಅವರು ಒತ್ತದಿದ್ದರೆ? ಹಾಗಾಗಿ ಆರಿಸಿದ್ದು ಇದು: ಮೆಷಿನ್‌ನ ಒಳಗಿನ ಟೂಲ್ ಸೆಟ್ಟರ್ ಪ್ರತಿ ಸೈಕಲ್‌ನಲ್ಲೂ ಟ್ಯಾಪ್‌ನ ಉದ್ದ ಮುಟ್ಟಿ ನೋಡುತ್ತದೆ. ಆಫ್‌ಸೆಟ್‌ಗಿಂತ 0.5 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲಾರಂ, ಸೈಕಲ್ ನಿಲ್ಲುತ್ತದೆ. ಯಾರು ಹೇಳಿದರೂ ಹೇಳದಿದ್ದರೂ ಅದು ಹಿಡಿಯುತ್ತದೆ. ಸೈಕಲ್ ಟೈಮ್ ಕೆಲವು ಸೆಕೆಂಡ್ ಹೆಚ್ಚಾಗುತ್ತದೆ. ಅದಕ್ಕೆ ಪ್ರೊಡಕ್ಷನ್‌ನವರ ಒಪ್ಪಿಗೆಯನ್ನು ಈಗಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ತಿಂಗಳೊಳಗೆ ಯಾರೋ ಆ ಸಾಲನ್ನು ಪ್ರೋಗ್ರಾಂನಿಂದ ತೆಗೆದಿರುತ್ತಾರೆ.

ಮೆಷಿನ್‌ನಲ್ಲಿ ಟೂಲ್ ಸೆಟ್ಟರ್ ಇಲ್ಲವೇ? ಆಗ ಟೂಲ್ ರೂಮಿನಲ್ಲೇ ಉದ್ದ ಅಳೆದು ಸಿದ್ಧ ಮಾಡಿದ ಹೋಲ್ಡರ್ ಸಮೇತ ಟ್ಯಾಪ್ ಕೊಡಿ. ಬಿಡಿ ಟ್ಯಾಪ್ ಮೆಷಿನ್ ಬಳಿ ಇರಲೇಕೂಡದು. ಹೋಲ್ಡರ್‌ನ ಹಿಂಭಾಗದ ಸ್ಟಾಪರ್ ಸ್ಕ್ರೂ ಒಂದೇ ಜಾಗದಲ್ಲಿ ಲಾಕ್ ಆಗಿದ್ದರೆ ಟ್ಯಾಪ್ ಪ್ರತಿ ಸಲವೂ ಹೆಚ್ಚೂಕಡಿಮೆ ಅಷ್ಟೇ ಹೊರಗಿರುತ್ತದೆ.

ಕಾ2: ಗೇಜ್ ಆಳ ತೋರಿಸುವುದಿಲ್ಲ. ಆಳದ ಮೆಟ್ಟಿಲು ಕಡಿದ ಥ್ರೆಡ್ ಪ್ಲಗ್ ಗೇಜ್ ತರಿಸುವುದು. ಪೂರ್ತಿ ಒಳಹೊಕ್ಕಾಗ ಮೆಟ್ಟಿಲು ಹೌಸಿಂಗ್‌ನ ಮೇಲ್ಮೈಗೆ ಸಮವಾಗಬೇಕು ಅಥವಾ ಕೆಳಗಿಳಿಯಬೇಕು. ಹಳೆ ಗೇಜನ್ನು ಆ ಟೇಬಲ್‌ನಿಂದ ತೆಗೆದುಬಿಡಿ, ಎರಡೂ ಇದ್ದರೆ ಹಳೆಯದೇ ಕೈಗೆ ಬರುತ್ತದೆ.

ಕಾ3: ಅಳತೆ ತಪ್ಪಿದಾಗ ಹಿಂದಿನ ಪೀಸ್ ಹಿಡಿಯುವ ನಿಯಮ ಇಲ್ಲ. ರಿಯಾಕ್ಷನ್ ಪ್ಲಾನ್ ಬದಲಿಸಿ: "ಆಫ್‌ಸೆಟ್ ತಿದ್ದುವ ಮೊದಲು, ಹಿಂದಿನ ಓಕೆ ಅಳತೆಯಿಂದ ಈವರೆಗಿನ ಎಲ್ಲ ಪೀಸ್ ಹೋಲ್ಡ್ ಮಾಡಿ, ಕ್ವಾಲಿಟಿಗೆ ತಿಳಿಸಿ." ಇದು ಮನುಷ್ಯರ ಮೇಲೆ ನಿಲ್ಲುವ ಕ್ರಮವೇ, ನಿಜ. ಅದಕ್ಕೇ ಜೊತೆಗೆ ಒಂದು ಬದಲಾವಣೆ: ಬೆಳಗಿನ ಸೆಟ್ಟಿಂಗ್ ಓಕೆ ಆಗುವವರೆಗೆ ರಾತ್ರಿಯ ಪೀಸ್ ವಾಷಿಂಗ್‌ಗೆ ಹೋಗುವಂತಿಲ್ಲ. ಶಿಫ್ಟ್‌ಗೊಂದು ಟ್ರಾಲಿ, ಬೇರೆ ಬಣ್ಣದ ಕಾರ್ಡ್.

ಪ್ರತಿ ಕ್ರಮಕ್ಕೂ ಒಬ್ಬರೇ ಹೊಣೆ, ಒಂದೇ ದಿನಾಂಕ, ಒಂದು ಸಾಕ್ಷಿ. "ಪ್ರೊಡಕ್ಷನ್ ಮತ್ತು ಕ್ವಾಲಿಟಿ" ಎಂದು ಬರೆದರೆ ಯಾರೂ ಮಾಡುವುದಿಲ್ಲ. ಪ್ರಕ್ರಿಯೆ ಬದಲಾದರೆ ಗ್ರಾಹಕರ ಒಪ್ಪಿಗೆ ಬೇಕೇ ಎಂದು ಒಪ್ಪಂದ ನೋಡಿ. ಕೆಲವರಿಗೆ ಟೂಲ್ ಮಾರ್ಗದ ಸಣ್ಣ ಬದಲಾವಣೆಗೂ ಮೊದಲೇ ತಿಳಿಸಬೇಕು.

## ಹಂತ 5: ಬೇರೆ ಎಲ್ಲಿ ಹೀಗಾಗಬಹುದು?

ದೂರು ಬಂದ ಜಾಗದಲ್ಲಿ ಮತ್ತೆ ಬರದಂತೆ ಮಾಡುವುದು ಸರಿಪಡಿಸುವ ಕ್ರಮ. ಇನ್ನೂ ಬಾರದ ಜಾಗದಲ್ಲಿ ಬರದಂತೆ ಮಾಡುವುದು ಮುನ್ನೆಚ್ಚರಿಕೆ ಕ್ರಮ. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಮುನ್ನೆಚ್ಚರಿಕೆ ಕ್ರಮಕ್ಕೆ ಪ್ರತ್ಯೇಕ ಕಲಂ ಇಲ್ಲ, ಅದು ಅಪಾಯಗಳ ಕುರಿತ 6.1ಕ್ಕೆ ಸೇರಿಕೊಂಡಿದೆ. ಆದರೆ ಇಂಥದ್ದೇ ದೋಷ ಬೇರೆಡೆ ಇದೆಯೇ, ಬರಬಹುದೇ ಎಂದು ನೋಡಲೇಬೇಕೆಂದು 10.2 ಹೇಳುತ್ತದೆ. ಗ್ರಾಹಕರ ಫಾರ್ಮ್‌ಗಳಲ್ಲಿ ಆ ಕಾಲಂ ಇದ್ದೇ ಇರುತ್ತದೆ.

ಇಲ್ಲಿ ಪಾರ್ಟ್ ಹೆಸರಿನಿಂದ ಹುಡುಕಬೇಡಿ, ಕಾರಣದಿಂದ ಹುಡುಕಿ. ನಮ್ಮ ಕಾರಣ "ಟೂಲ್ ಬದಲಾದಾಗ ಉದ್ದ ತಪ್ಪಿ ಆಳ ಕೆಡುವುದು". ಹಾಗಾದರೆ ಆರಪಾರ ಇಲ್ಲದ ತೂತಿಗೆ ಟ್ಯಾಪ್ ಹೊಡೆಯುವ ಎಲ್ಲ ಮೆಷಿನ್ ಪಟ್ಟಿಗೆ ಬರುತ್ತವೆ. ಆಳ ಮುಖ್ಯವಾದ ರೀಮರ್, ಕೌಂಟರ್‌ಬೋರ್ ಕೆಲಸಗಳೂ ಬರುತ್ತವೆ. ಆರಪಾರ ತೂತಿಗೆ ಟ್ಯಾಪ್ ಹೊಡೆಯುವ ಕಡೆ 4 ಮಿ.ಮೀ. ಕಡಿಮೆಯಾದರೂ ಟ್ಯಾಪ್ ಇನ್ನೂ ಪೂರ್ತಿ ಹೊರಬರುತ್ತದೆಯೇ ನೋಡಿ, ಬರುತ್ತಿದ್ದರೆ ಬಿಡಿ. ಹೀಗೆ ಬಿಟ್ಟದ್ದನ್ನೂ ಕಾರಣ ಸಮೇತ ಬರೆಯಿರಿ.

ಪಿಎಫ್‌ಎಂಇಎಯಲ್ಲಿ "ಟೂಲ್ ಮುರಿದ ನಂತರ ತಪ್ಪು ಆಫ್‌ಸೆಟ್" ಎಂಬ ಸಾಲು ಇತ್ತೇ? ಇರದಿದ್ದರೆ ಸೇರಿಸಿ. ಇದ್ದರೆ ಪತ್ತೆಹಚ್ಚುವ ಅಂಕ ಎಷ್ಟಿತ್ತು ನೋಡಿ. ಗೋ ಗೇಜ್ ಆಳ ಹಿಡಿಯುತ್ತದೆ ಎಂದು ಒಳ್ಳೆಯ ಅಂಕ ಕೊಟ್ಟಿದ್ದರೆ ಅದು ಸುಳ್ಳಾಗಿದೆ, ತಿದ್ದಿ. ಕಂಟ್ರೋಲ್ ಪ್ಲಾನ್ ಮತ್ತು ಕೆಲಸದ ಸೂಚನೆಯ ಹೊಸ ಆವೃತ್ತಿ ಸಂಖ್ಯೆ ವರದಿಯಲ್ಲಿ ಇರಲಿ.

## ಹಂತ 6: ಪರಿಶೀಲನೆ ಎರಡು ಸಲ

ಮೊದಲನೆಯದು ಕ್ರಮ ಜಾರಿಯಾಗಿದೆಯೇ ಎಂದು. ಪ್ರೋಗ್ರಾಂನಲ್ಲಿ ಆ ಸಾಲು ಇದೆ, ಗೇಜ್ ಟೇಬಲ್ ಮೇಲಿದೆ, ರಿಯಾಕ್ಷನ್ ಪ್ಲಾನ್ ಮೆಷಿನ್ ಬಳಿ ಅಂಟಿಸಿದೆ. ಇದನ್ನು ಕ್ರಮ ಮಾಡಿದವರನ್ನು ಬಿಟ್ಟು ಬೇರೆಯವರು ಹೋಗಿ ನೋಡಲಿ, ರಾತ್ರಿ ಶಿಫ್ಟ್‌ನಲ್ಲೂ ನೋಡಲಿ.

ಎರಡನೆಯದು ಕ್ರಮ ಫಲ ಕೊಟ್ಟಿದೆಯೇ ಎಂದು. ವರದಿಗಳು ಹೆಚ್ಚಾಗಿ ಇಲ್ಲೇ ಸೋಲುತ್ತವೆ.

"ಮುಂದಿನ 50 ಪೀಸ್ ಓಕೆ" ಎಂದು ಬರೆಯುವವರಿಗೆ ಒಂದು ಲೆಕ್ಕ. ಗ್ರಾಹಕರ ಲೈನ್‌ನಲ್ಲಿ 300ಕ್ಕೆ 9, ಅಂದರೆ 3% ದೋಷ ಇತ್ತು. ನೀವು ಏನೂ ಮಾಡದೇ ಇದ್ದರೂ, 3% ದೋಷದ ರಾಶಿಯಿಂದ ತೆಗೆದ 50 ಪೀಸ್‌ನಲ್ಲಿ ಒಂದೂ ಕೆಟ್ಟದ್ದು ಸಿಗದಿರುವ ಸಾಧ್ಯತೆ ಎಷ್ಟು? 0.97 ಅನ್ನು 50 ಸಲ ಗುಣಿಸಿದರೆ ಸುಮಾರು 0.22. ಐದರಲ್ಲಿ ಒಂದು ಸಲ ಬರೀ ಅದೃಷ್ಟದಿಂದಲೇ 50 ಓಕೆ ಬರುತ್ತದೆ. 100 ಪೀಸ್ ನೋಡಿದರೆ ಆ ಸಾಧ್ಯತೆ ಸುಮಾರು 5%ಕ್ಕೆ ಇಳಿಯುತ್ತದೆ. ಸುಲಭ ನಿಯಮ: 3 ಅನ್ನು ಹಳೆಯ ದೋಷದ ಪ್ರಮಾಣದಿಂದ ಭಾಗಿಸಿ. 3 ÷ 0.03 = 100. ದೋಷ 0.5% ಇದ್ದಿದ್ದರೆ 600 ಪೀಸ್ ಬೇಕಿತ್ತು.

ಆದರೆ ನಮ್ಮ ಉದಾಹರಣೆಗೆ ಈ ಲೆಕ್ಕವೂ ಸಾಲದು. ದೋಷ ಬಿಡಿಬಿಡಿಯಾಗಿ ಅಲ್ಲೊಂದು ಇಲ್ಲೊಂದು ಹುಟ್ಟುವುದಿಲ್ಲ, ಟ್ಯಾಪ್ ಬದಲಾದಾಗ ಸಾಲಾಗಿ ಹುಟ್ಟುತ್ತದೆ. ಟ್ಯಾಪ್ ಮುರಿಯದೇ ಇದ್ದರೆ ಸಾವಿರ ಪೀಸ್ ಓಕೆ ಬಂದರೂ ಏನೂ ಸಾಬೀತಾಗುವುದಿಲ್ಲ. ಹಾಗಾಗಿ ಇಲ್ಲಿ ಎಣಿಸಬೇಕಾದ್ದು ಟ್ಯಾಪ್ ಬದಲಾದ ಸಂದರ್ಭಗಳನ್ನು. ರಿಜಿಸ್ಟರ್ ಪ್ರಕಾರ ಎರಡು ವಾರಕ್ಕೊಮ್ಮೆ ಟ್ಯಾಪ್ ಬದಲಾಗುತ್ತದೆ ಅನ್ನಿ. ಫಾರ್ಮ್‌ನಲ್ಲಿ ಅಚ್ಚಾಗಿರುವ "30 ದಿನ ನಿಗಾ" ಎಂದರೆ ಎರಡೇ ಸಂದರ್ಭ. ಐದು ಬದಲಾವಣೆ ಆಗುವವರೆಗೆ ಕಾಯುತ್ತೇವೆ, ಪ್ರತಿ ಬದಲಾವಣೆಯ ನಂತರದ ಮೊದಲ ಪೀಸ್‌ನ ಆಳ ದಾಖಲಿಸುತ್ತೇವೆ ಎಂದು ಬರೆಯಿರಿ. ಎರಡೂವರೆ ತಿಂಗಳು ಹಿಡಿದರೆ ಹಿಡಿಯಲಿ. ಯಾಕೆ ಅಷ್ಟು ಬೇಕು ಎಂದು ಹೀಗೆ ವಿವರಿಸಿದರೆ ಗ್ರಾಹಕರು ಸಾಮಾನ್ಯವಾಗಿ ಒಪ್ಪುತ್ತಾರೆ.

ಅಷ್ಟರವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕ್ರಮಗಳನ್ನು ಕೆಣಕಿ ನೋಡಿ:

- ಕಾ1ಕ್ಕೆ: ಟ್ಯಾಪನ್ನು ಬೇಕೆಂದೇ 4 ಮಿ.ಮೀ. ಒಳಗೆ ಹಿಡಿಸಿ ಸೈಕಲ್ ಒತ್ತಿ. ಅಲಾರಂ ಬರಬೇಕು. 1 ಮಿ.ಮೀ.ಗೂ ಮಾಡಿ ನೋಡಿ.
- ಕಾ2ಕ್ಕೆ: ಒಳ್ಳೆಯ ಪೀಸ್‌ಗಳ ನಡುವೆ ಗುರುತು ಕಾಣದಂತೆ ನಂಬರ್ ಹಾಕಿದ ಕೆಟ್ಟ ಪೀಸ್ ಬೆರೆಸಿ, ಪ್ರತಿ ಶಿಫ್ಟ್‌ನ ಇನ್‌ಸ್ಪೆಕ್ಟರ್‌ಗೂ ಕೊಡಿ. ಎಲ್ಲ ಕೆಟ್ಟವೂ ಸಿಗಬೇಕು. ಮುಗಿದ ಮೇಲೆ ನಂಬರ್ ಎಣಿಸಿ ವಾಪಸ್ ತೆಗೆದುಕೊಳ್ಳಿ.
- ಕಾ3ಕ್ಕೆ: ಸೆಟ್ಟಿಂಗ್ ಶೀಟ್‌ನಲ್ಲಿ ಆಫ್‌ಸೆಟ್ ತಿದ್ದಿದ ಪ್ರತಿ ನಮೂದನ್ನೂ ಹೋಲ್ಡ್ ರಿಜಿಸ್ಟರ್ ಜೊತೆ ಹೋಲಿಸಿ. ತಿದ್ದುಪಡಿ ಇದ್ದು ಹೋಲ್ಡ್ ಇಲ್ಲದಿದ್ದರೆ ಕ್ರಮ ಸೋತಿದೆ.

ಎಚ್ಚರಿಕೆಯ ಗುರುತು: ಪರಿಶೀಲನೆಯ ಸಾಕ್ಷಿ ಬರೀ ತರಬೇತಿಯ ಹಾಜರಿ ಪಟ್ಟಿ, ಪರಿಶೀಲನೆ ಮಾಡುವಾಗಲೂ 100% ವಿಂಗಡಣೆ ನಡೆಯುತ್ತಿದ್ದು, ಅದರ ನಂತರದ ಅಂಕಿಗಳನ್ನು ತೋರಿಸುವುದು. ವಿಂಗಡಣೆಯಾದ ಮೇಲೆ ಸೊನ್ನೆ ದೋಷ ಬರುವುದು ಸಹಜ. ವಿಂಗಡಣೆಗೆ ಮೊದಲು ಎಷ್ಟು ಸಿಕ್ಕಿತು ಎಂಬ ಅಂಕಿ ಬೇಕು.

## ಹಂತ 7: ಕ್ಲೋಸ್ ಮಾಡುವ ಮೊದಲು ಹಿಂದಿನಿಂದ ಓದಿ

ವರದಿಯನ್ನು ಕೊನೆಯಿಂದ ಮೊದಲಿಗೆ ಓದಿ. ಪ್ರತಿ ಪರಿಶೀಲನೆಯೂ ಯಾವ ಕ್ರಮದ್ದು? ಆ ಕ್ರಮ ಯಾವ ಕಾರಣದ್ದು? ಆ ಕಾರಣ ಹಂತ 1ರ ಅಳತೆಯನ್ನೂ, ದಿನವನ್ನೂ, ಪೀಸ್ ಸಂಖ್ಯೆಯನ್ನೂ ವಿವರಿಸುತ್ತದೆಯೇ? ನಮ್ಮ ಉದಾಹರಣೆ ಹೀಗೆ ಕೂಡುತ್ತದೆ:

| ಕಾರಣ | ಕ್ರಮ | ಫಲದ ಪರಿಶೀಲನೆ | ಕ್ಲೋಸ್ ಆಗುವುದು ಯಾವಾಗ |
|---|---|---|---|
| ಕಾ1: ಅಳೆಯದೆಯೂ ಮೆಷಿನ್ ಓಡುತ್ತದೆ | ಪ್ರತಿ ಸೈಕಲ್ ಉದ್ದ ಚೆಕ್, ಅಲಾರಂ | ಬೇಕೆಂದೇ ತಪ್ಪಿಸಿ ನೋಡುವುದು; 5 ಟ್ಯಾಪ್ ಬದಲಾವಣೆ | ಐದರಲ್ಲೂ ಮೊದಲ ಪೀಸ್ 18ಕ್ಕಿಂತ ಕಡಿಮೆ ಇಲ್ಲದಾಗ |
| ಕಾ2: ಗೇಜ್ ಆಳ ತೋರಿಸದು | ಆಳದ ಮೆಟ್ಟಿಲಿನ ಗೇಜ್ | ಬೆರೆಸಿದ ಪೀಸ್ ಪರೀಕ್ಷೆ | ಎಲ್ಲ ಶಿಫ್ಟ್‌ನಲ್ಲೂ ಎಲ್ಲ ಕೆಟ್ಟವೂ ಸಿಕ್ಕಾಗ |
| ಕಾ3: ಹಿಂದಿನ ಪೀಸ್ ಹಿಡಿಯುವ ನಿಯಮ ಇಲ್ಲ | ರಿಯಾಕ್ಷನ್ ಪ್ಲಾನ್, ಶಿಫ್ಟ್ ಟ್ರಾಲಿ | ತಿದ್ದುಪಡಿ–ಹೋಲ್ಡ್ ಹೋಲಿಕೆ | ಹೊಂದದ ನಮೂದು ಒಂದೂ ಇಲ್ಲದಾಗ |

ಕೊನೆಯ ಕಾಲಂ ಅನ್ನು ಕ್ರಮ ತೆಗೆದುಕೊಳ್ಳುವ ದಿನವೇ ತುಂಬಿ. ಫಲಿತಾಂಶ ಬಂದ ಮೇಲೆ ಗುರಿ ಬರೆದರೆ ಗುರಿ ಯಾವಾಗಲೂ ಮುಟ್ಟಿರುತ್ತದೆ.

ಹಂತ 2ರ 100% ವಿಂಗಡಣೆಯನ್ನು ನಿಲ್ಲಿಸುವುದೂ ಕ್ಲೋಸಿಂಗ್‌ನ ಒಂದು ಭಾಗ. ಯಾವ ದಿನ, ಯಾರ ಸಹಿಯಿಂದ ನಿಲ್ಲಿಸಿದಿರಿ ಎಂದು ಬರೆಯಿರಿ. ಇದನ್ನು ಮರೆತ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಯಾರೋ ಒಬ್ಬರು ಮೂಲೆಯಲ್ಲಿ ಕೂತು ಚುಕ್ಕಿ ಹಾಕುತ್ತಲೇ ಇರುತ್ತಾರೆ, ಯಾಕೆಂದು ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಕಡೆ, ಕಾ1 ಸಾಬೀತಾಗುವ ಮೊದಲೇ ವಿಂಗಡಣೆ ನಿಲ್ಲಿಸಿಬಿಟ್ಟವರೂ ಇದ್ದಾರೆ. ಮೊದಲು ಅಲಾರಂ ಪರೀಕ್ಷೆ ಮತ್ತು ಹೊಸ ಗೇಜ್ ಎರಡೂ ಪಾಸಾಗಲಿ, ಆಮೇಲೆ ನಿಲ್ಲಿಸಿ.

ಸಹಿ ಮಾಡುವವರು ಕ್ರಮದ ಹೊಣೆ ಹೊತ್ತವರಾಗಿರಬಾರದು. ಐದು ಬದಲಾವಣೆ ಮುಗಿಯುವ ಮುಂಚೆ ಗ್ರಾಹಕರ ಪೋರ್ಟಲ್‌ನಲ್ಲಿ ಗಡುವು ಬಂದರೆ, "ಕ್ರಮ ಜಾರಿಯಾಗಿದೆ, ಫಲದ ಪರಿಶೀಲನೆ ನಡೆಯುತ್ತಿದೆ, 5ರಲ್ಲಿ 2 ಮುಗಿದಿದೆ" ಎಂದು ಹಾಕಿ ಸಮಯ ಕೇಳಿ. ಕ್ಲೋಸ್ ಒತ್ತಬೇಡಿ.

ಮತ್ತೆ ತೆರೆಯುವ ಷರತ್ತನ್ನೂ ಇಲ್ಲೇ ಬರೆದಿಡಿ: ಥ್ರೆಡ್ ಆಳ ಕಡಿಮೆಯ ಒಂದು ಪೀಸ್ ಗೇಟ್ ದಾಟಿದರೂ, ಅಥವಾ ಆ ಉದ್ದ ಚೆಕ್ ಮಾಡುವ ಸಾಲು ಪ್ರೋಗ್ರಾಂನಿಂದ ಹೋಗಿದ್ದು ಕಂಡುಬಂದರೂ, ಹೊಸ ನಂಬರ್ ಕೊಡದೆ ಇದೇ ವರದಿ ಮತ್ತೆ ತೆರೆಯುತ್ತದೆ, ಕೆಲಸ ಹಂತ 3ರಿಂದ ಶುರುವಾಗುತ್ತದೆ.